ಸಂಬಳದ ಟಿಡಿಎಸ್: ಪೇಸ್ಲಿಪ್‌ನಿಂದ 26ಎಎಸ್‌ವರೆಗೆ ತಾಳೆ ನೋಡುವುದು ಹೇಗೆ?

ಜೂನ್ ಬಂತೆಂದರೆ ನನಗೆ ಬರುವ ಫೋನುಗಳು ಹೆಚ್ಚುಕಡಿಮೆ ಒಂದೇ ಥರ. ಜಯನಗರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ನೇರ ಮನೆಗೇ ಬಂದ. "ಅಕ್ಕಾ, ಫಾರ್ಮ್ 16ಗೂ 26ಎಎಸ್‌ಗೂ ಒಂದು ರೂಪಾಯಿ ವ್ಯತ್ಯಾಸ ಇಲ್ಲ. ಆದ್ರೂ ರಿಟರ್ನ್ ತುಂಬಿದರೆ ಇನ್ನೂ ಹನ್ನೆರಡು ಸಾವಿರ ಕಟ್ಟು ಅಂತಿದೆ. ಕಟ್ಟಿಬಿಡ್ಲಾ?"

ಕಟ್ಟಬೇಡ ಅಂದೆ. ಅವನ ಸಂಬಳದಲ್ಲಿ ಆ ದುಡ್ಡನ್ನು ಆಗಲೇ ಟಿಡಿಎಸ್ ಎಂದು ಹಿಡಿದುಕೊಂಡಿದ್ದರು. ಇನ್ನೊಮ್ಮೆ ಕಟ್ಟಿದ್ದರೆ ಒಂದೇ ತೆರಿಗೆಗೆ ಎರಡು ಸಲ ದುಡ್ಡು ಹೋಗುತ್ತಿತ್ತು. ಫಾರ್ಮ್ 16 ಅಂದರೆ ಹಿಡಿದ ತೆರಿಗೆಗೆ ಕಂಪನಿ ಕೊಡುವ ಪ್ರಮಾಣಪತ್ರ, 26ಎಎಸ್ ಅಂದರೆ ನಿಮ್ಮ ಪ್ಯಾನ್ ಹೆಸರಿಗೆ ಬಂದ ತೆರಿಗೆಯ ಬಗ್ಗೆ ಇಲಾಖೆ ಇಟ್ಟಿರುವ ಪಟ್ಟಿ. ಅವನು ಎಡವಿದ ಜಾಗದಲ್ಲೇ ಜಾಸ್ತಿ ಜನ ಎಡವುತ್ತಾರೆ. ಹಾಗಾಗಿ ಅವನ ಲೆಕ್ಕವನ್ನೇ ಇಟ್ಟುಕೊಂಡು ಹಂತ ಹಂತವಾಗಿ ಹೇಳುತ್ತೇನೆ. ಇಲ್ಲಿರುವುದು 2025-26ರ ಸಂಬಳದ ಲೆಕ್ಕ, ಹೊಸ ತೆರಿಗೆ ಪದ್ಧತಿಯ ಪ್ರಕಾರ.

## ಕೂರುವ ಮೊದಲು ಕೈಯಲ್ಲಿ ಇರಬೇಕಾದವು

ಹನ್ನೆರಡು ತಿಂಗಳ ಪೇಸ್ಲಿಪ್, ಸಂಬಳ ಬೀಳುವ ಖಾತೆಯ ಬ್ಯಾಂಕ್ ಸ್ಟೇಟ್‌ಮೆಂಟ್, ವರ್ಷದಲ್ಲಿ ಕೆಲಸ ಮಾಡಿದ ಪ್ರತಿ ಕಂಪನಿಯಿಂದಲೂ ಫಾರ್ಮ್ 16, ಆದಾಯ ತೆರಿಗೆ ಪೋರ್ಟಲ್‌ನ ಲಾಗಿನ್. ಇಷ್ಟು ಸಾಕು. ಪೇಸ್ಲಿಪ್ ಮಾತ್ರ ಬಿಡುವ ಹಾಗಿಲ್ಲ. ಕೆಲಸ ಬಿಟ್ಟ ಮೇಲೆ ಹಳೇ ಕಂಪನಿಯ ಪೇರೋಲ್ ಲಾಗಿನ್ ಮುಚ್ಚಿಬಿಡುತ್ತಾರೆ. ಅದಕ್ಕೇ ರಾಜೀನಾಮೆ ಕೊಟ್ಟ ವಾರವೇ ಎಲ್ಲವನ್ನೂ ಇಳಿಸಿಟ್ಟುಕೊಳ್ಳಿ.

ಯಾವಾಗ ಕೂರಬೇಕು ಅನ್ನುವುದೂ ಮುಖ್ಯ. ಏಪ್ರಿಲ್‌ನಲ್ಲಿ 26ಎಎಸ್ ತೆಗೆದು "ಮೂರು ತಿಂಗಳ ಟಿಡಿಎಸ್ಸೇ ಇಲ್ಲ" ಎಂದು ಗಾಬರಿಯಾಗುವವರು ತುಂಬಾ. ಹಿಡಿದ ತೆರಿಗೆಯನ್ನು ಕಂಪನಿ ಮುಂದಿನ ತಿಂಗಳ 7ರೊಳಗೆ ಕಟ್ಟುತ್ತದೆ. ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಸಮಯವಿದೆ. ಆದರೆ ಕಟ್ಟಿದ ಕೂಡಲೇ ಅದು ನಿಮ್ಮ ಹೆಸರಿಗೆ ಬರುವುದಿಲ್ಲ. ಕಂಪನಿ ಮೂರು ತಿಂಗಳಿಗೊಮ್ಮೆ ಫಾರ್ಮ್ 24ಕ್ಯೂ ಎಂಬ ಟಿಡಿಎಸ್ ರಿಟರ್ನ್ ಸಲ್ಲಿಸುತ್ತದೆ. ಯಾರ ಪ್ಯಾನ್‌ಗೆ ಎಷ್ಟು ಅನ್ನುವ ಪಟ್ಟಿ ಇರುವುದು ಅದರಲ್ಲೇ. ಜನವರಿ–ಮಾರ್ಚ್ ಪಟ್ಟಿ ಸಲ್ಲಿಸಲು ಮೇ 31 ಕೊನೆ ದಿನ, ಫಾರ್ಮ್ 16 ಕೊಡಲು ಜೂನ್ 15. ಹಾಗಾಗಿ ಜೂನ್ ಎರಡನೇ ವಾರ ಕಳೆಯುವ ತನಕ ತಾಳೆ ನೋಡುವುದರಲ್ಲಿ ಅರ್ಥವಿಲ್ಲ.

## ಹಂತ 1: ಪೇಸ್ಲಿಪ್‌ನಿಂದ ನಿಮ್ಮದೇ ಪಟ್ಟಿ ಮಾಡಿ

ಹೆಚ್ಚಿನವರು ಪೋರ್ಟಲ್‌ನಿಂದ ಶುರು ಮಾಡುತ್ತಾರೆ. ನೀವು ಪೇಸ್ಲಿಪ್‌ನಿಂದ ಶುರು ಮಾಡಿ. ಒಂದು ಹಾಳೆಯಲ್ಲಿ ತಿಂಗಳು, ಕಂಪನಿ, ಒಟ್ಟು ಸಂಬಳ, ಟಿಡಿಎಸ್ ಎಂದು ನಾಲ್ಕು ಕಾಲಂ ಹಾಕಿ, ಏಪ್ರಿಲ್‌ನಿಂದ ಮಾರ್ಚ್‌ವರೆಗೆ ತುಂಬಿ.

ಪೇಸ್ಲಿಪ್‌ನಲ್ಲಿ ಇದು "ಇನ್‌ಕಮ್ ಟ್ಯಾಕ್ಸ್" ಅಥವಾ "ಟಿಡಿಎಸ್" ಎಂಬ ಸಾಲಿನಲ್ಲಿ ಇರುತ್ತದೆ. ಅದರ ಪಕ್ಕದಲ್ಲೇ ವೃತ್ತಿ ತೆರಿಗೆ ಇರುತ್ತದಲ್ಲ, ಅದನ್ನು ಸೇರಿಸಬೇಡಿ. ಅದು ಕರ್ನಾಟಕ ಸರ್ಕಾರಕ್ಕೆ ಹೋಗುವ ದುಡ್ಡು, 26ಎಎಸ್‌ನಲ್ಲಿ ಎಂದೂ ಕಾಣುವುದಿಲ್ಲ. ಪಿಎಫ್ ಕೂಡ ಹಾಗೇ.

ಪಕ್ಕದ ಮನೆಯ ಹುಡುಗ ಸೆಪ್ಟೆಂಬರ್‌ವರೆಗೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿದ್ದ, ತಿಂಗಳಿಗೆ ₹1,20,000. ಅಕ್ಟೋಬರ್‌ನಲ್ಲಿ ಮಾರತಹಳ್ಳಿ ಕಡೆಯ ಇನ್ನೊಂದಕ್ಕೆ ಸೇರಿದ, ತಿಂಗಳಿಗೆ ₹1,50,000. ಹಳೇ ಕಂಪನಿ ಪ್ರತಿ ತಿಂಗಳು ₹7,345 ಹಿಡಿದಿತ್ತು. ಹೊಸದು ಹಿಡಿದಿದ್ದು ₹12,025. ಎರಡೂ ಸೇರಿ ವರ್ಷಕ್ಕೆ ₹1,16,220.

## ಹಂತ 2: ಹಿಡಿದ ಮೊತ್ತ ಸರಿಯೇ ಎಂದು ಲೆಕ್ಕ ಹಾಕಿ

ತಾಳೆ ಆಗುವುದು ಬೇರೆ, ತೆರಿಗೆ ಸರಿಯಾಗಿರುವುದು ಬೇರೆ. ಎರಡನ್ನೂ ಒಂದೇ ಎಂದುಕೊಂಡರೆ ಕೆಟ್ಟಿರಿ.

ಕಂಪನಿ ವರ್ಷದ ಆರಂಭದಲ್ಲೇ ಇಡೀ ವರ್ಷದ ಸಂಬಳ ಅಂದಾಜು ಮಾಡುತ್ತದೆ. ಅದಕ್ಕೆ ಬರುವ ತೆರಿಗೆಯನ್ನು ತಿಂಗಳಿಗೆ ಹಂಚುತ್ತದೆ. ಹಳೇ ಕಂಪನಿ ಹಾಕಿದ ಲೆಕ್ಕ ಹೀಗೆ: ವರ್ಷಕ್ಕೆ ₹14,40,000. ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ₹75,000 ಕಳೆದರೆ ₹13,65,000. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. 4ರಿಂದ 8 ಲಕ್ಷದವರೆಗೆ ಶೇಕಡಾ 5, ಅಂದರೆ ₹20,000. 8ರಿಂದ 12 ಲಕ್ಷದವರೆಗೆ ಶೇಕಡಾ 10, ಅಂದರೆ ₹40,000. ಉಳಿದ ₹1,65,000ಕ್ಕೆ ಶೇಕಡಾ 15ರಂತೆ ₹24,750. ಒಟ್ಟು ₹84,750. ಅದರ ಮೇಲೆ ಶೇಕಡಾ 4 ಸೆಸ್ ಸೇರಿದರೆ ₹88,140. ಹನ್ನೆರಡರಿಂದ ಭಾಗಿಸಿದರೆ ₹7,345.

ಹುಡುಗ ಸೆಪ್ಟೆಂಬರ್‌ಗೆ ಬಿಟ್ಟ. ಅವನ ನಿಜವಾದ ವರ್ಷದ ಸಂಬಳ ಹಳೇ ಕಡೆ ₹7,20,000, ಹೊಸ ಕಡೆ ₹9,00,000, ಒಟ್ಟು ₹16,20,000. ₹75,000 ಕಳೆದರೆ ₹15,45,000. ಇದೇ ದರಗಳಲ್ಲಿ ತೆರಿಗೆ ₹1,11,750, ಸೆಸ್ ಸೇರಿ ₹1,16,220. ಹಳೇ ಕಂಪನಿ ಆರು ತಿಂಗಳಲ್ಲಿ ಹಿಡಿದಿದ್ದು ₹44,070. ಉಳಿದ ₹72,150ನ್ನು ಹೊಸ ಕಂಪನಿ ಆರು ತಿಂಗಳಿಗೆ ಹಂಚಿ ₹12,025 ಹಿಡಿಯಿತು. ಲೆಕ್ಕ ಸರಿಯಾಗಿದೆ.

ಇದು ಸರಿಯಾಗಿದ್ದು ತಾನಾಗೇ ಅಲ್ಲ. ಸೇರಿದ ತಿಂಗಳೇ ಅವನು ಹಳೇ ಸಂಬಳ, ಹಳೇ ಟಿಡಿಎಸ್ ವಿವರವನ್ನು ಫಾರ್ಮ್ 12ಬಿಯಲ್ಲಿ ಬರೆದು ಹೊಸ ಕಂಪನಿಗೆ ಕೊಟ್ಟಿದ್ದ. ಕೊಡದಿದ್ದರೆ ಏನಾಗುತ್ತಿತ್ತು ನೋಡಿ. ಹೊಸ ಕಂಪನಿಯ ಕಣ್ಣಿಗೆ ಅವನ ವರ್ಷದ ಆದಾಯ ₹9,00,000 ಮಾತ್ರ. ₹75,000 ಕಳೆದರೆ ₹8,25,000. ಹೊಸ ಪದ್ಧತಿಯಲ್ಲಿ ತೆರಿಗೆಗೆ ಒಳಪಡುವ ಆದಾಯ 12 ಲಕ್ಷ ದಾಟದಿದ್ದರೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ. ಆರು ತಿಂಗಳು ಒಂದು ರೂಪಾಯಿಯನ್ನೂ ಹಿಡಿಯುತ್ತಿರಲಿಲ್ಲ. ಕೈಗೆ ಪೂರ್ತಿ ಸಂಬಳ, ಭಾರೀ ಖುಷಿ. ಪೇಸ್ಲಿಪ್, ಫಾರ್ಮ್ 16, 26ಎಎಸ್ ಮೂರೂ ಚೆನ್ನಾಗಿ ತಾಳೆ ಆಗುತ್ತಿದ್ದವು. ಜುಲೈನಲ್ಲಿ ₹72,150 ಕೈಯಿಂದ ಕಟ್ಟಬೇಕಾಗುತ್ತಿತ್ತು, ಮುಂಗಡ ತೆರಿಗೆ ಕಟ್ಟದ್ದಕ್ಕೆ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ ಬೇರೆ.

ಕೆಲಸ ಬದಲಿಸಿದ ಮೇಲೆ ಸಂಬಳ ಜಾಸ್ತಿಯಾಗಿ ಟಿಡಿಎಸ್ ಕಡಿಮೆಯಾದರೆ ಅದೇ ಎಚ್ಚರಿಕೆ ಗಂಟೆ. ಅವತ್ತೇ ಎಚ್‌ಆರ್‌ಗೆ 12ಬಿ ಕೊಡಿ.

## ಹಂತ 3: 26ಎಎಸ್ ತೆಗೆಯಿರಿ

ಪೋರ್ಟಲ್‌ಗೆ ಲಾಗಿನ್ ಆಗಿ ಈ ದಾರಿ ಹಿಡಿಯಿರಿ:

```
incometax.gov.in
e-File > Income Tax Returns > View Form 26AS
```

ಅದು ನಿಮ್ಮನ್ನು TRACES ಎಂಬ ಇನ್ನೊಂದು ಜಾಲತಾಣಕ್ಕೆ ಕಳಿಸುತ್ತದೆ. ಅಲ್ಲಿ ಒಪ್ಪಿಗೆಯ ಚೌಕಕ್ಕೆ ಟಿಕ್ ಹಾಕಿ, `View Tax Credit (Form 26AS)` ಒತ್ತಿ. ಆಮೇಲೆ `Assessment Year` ಕೇಳುತ್ತದೆ. ಇಲ್ಲೇ ಸಾಕಷ್ಟು ಜನ ತಪ್ಪುತ್ತಾರೆ. 2025-26ರ ಸಂಬಳಕ್ಕೆ ಆರಿಸಬೇಕಾದ್ದು 2026-27. ಸಂಬಳ ಬಂದ ವರ್ಷವನ್ನೇ ಆರಿಸಿದರೆ ಅದಕ್ಕೂ ಹಿಂದಿನ ವರ್ಷದ ಪಟ್ಟಿ ತೆರೆಯುತ್ತದೆ. ಅದರಲ್ಲೂ ನಿಮ್ಮದೇ ಹೆಸರು, ಬಹುಶಃ ಅದೇ ಕಂಪನಿ ಇರುವುದರಿಂದ ತಪ್ಪು ಗೊತ್ತೂ ಆಗುವುದಿಲ್ಲ. ವರ್ಷ ಆರಿಸಿ `HTML` ಎಂದು ಕೊಟ್ಟು ನೋಡಿ. ನೋಡಿದ ಮೇಲೆ ಪಿಡಿಎಫ್ ಆಗಿ ಇಳಿಸಿಡಿ.

ಮೇಲ್ಭಾಗದಲ್ಲಿ ಒಂದೊಂದು ಕಂಪನಿಗೂ ಒಂದೊಂದು ಸಾಲು, ಒಟ್ಟು ಮೊತ್ತದೊಂದಿಗೆ. ಆ ಸಾಲನ್ನು ಬಿಡಿಸಿದರೆ ಕೆಳಗೆ ತಿಂಗಳವಾರು ವಿವರ. ಸಂಬಳದ ಸಾಲುಗಳಿಗೆ `Section` ಕಾಲಂನಲ್ಲಿ 192 ಎಂದಿರುತ್ತದೆ. ಬ್ಯಾಂಕ್ ಎಫ್‌ಡಿ ಬಡ್ಡಿಗೆ ಹಿಡಿದದ್ದು 194A. ಅದನ್ನು ಸದ್ಯಕ್ಕೆ ಬದಿಗಿಡಿ.

ಕಂಪನಿಯ ಹೆಸರು ಗುರುತು ಸಿಗದಿದ್ದರೆ ಹೆದರಬೇಡಿ. ಗೇಟಿನ ಬೋರ್ಡಿನಲ್ಲಿರುವ ಹೆಸರೇ ಬೇರೆ, ನೋಂದಣಿಯಾದ ಹೆಸರೇ ಬೇರೆ ಇರಬಹುದು. ತೆರಿಗೆ ಹಿಡಿಯುವ ಕಂಪನಿಗೆ ಇಲಾಖೆ ಕೊಟ್ಟ ಗುರುತಿನ ಸಂಖ್ಯೆಯಾದ ಟ್ಯಾನ್ ನೋಡಿ. ಹತ್ತು ಅಕ್ಷರ-ಅಂಕಿಗಳ ಈ ಸಂಖ್ಯೆ ಫಾರ್ಮ್ 16ರಲ್ಲೂ ಇರುತ್ತದೆ, ಎರಡೂ ಒಂದೇ ಆಗಿರಬೇಕು. ಬೆಂಗಳೂರಿನಲ್ಲಿ ಪಡೆದ ಟ್ಯಾನ್ BLR ಎಂದು ಶುರುವಾಗುತ್ತದೆ. ಮುಖ್ಯ ಕಚೇರಿ ಬೇರೆ ಊರಲ್ಲಿದ್ದರೆ ಬೇರೆ ಅಕ್ಷರಗಳಿರಬಹುದು, ಅದು ತಪ್ಪಲ್ಲ.

## ಹಂತ 4: ಫಾರ್ಮ್ 16ನ್ನು ಎರಡು ಭಾಗ ಮಾಡಿ ಓದಿ

ಫಾರ್ಮ್ 16ರ ಭಾಗ ಎ ಮತ್ತು ಭಾಗ ಬಿ ಬೇರೆ ಬೇರೆ ಕೆಲಸದವು. ಭಾಗ ಎಯಲ್ಲಿ ಕಂಪನಿ ಮೂರು ಮೂರು ತಿಂಗಳಿಗೆ ಎಷ್ಟು ಹಿಡಿಯಿತು, ಎಷ್ಟು ಕಟ್ಟಿತು ಎಂದಿರುತ್ತದೆ. ಭಾಗ ಬಿಯಲ್ಲಿ ಸಂಬಳ, ವಿನಾಯಿತಿ, ತೆರಿಗೆಯ ಲೆಕ್ಕ.

ಭಾಗ ಎಯನ್ನು ಕಂಪನಿ ತಾನೇ ಟೈಪ್ ಮಾಡುವಂತಿಲ್ಲ, TRACESನಿಂದಲೇ ಇಳಿಸಬೇಕು. TRACESಗೆ ಆ ಅಂಕಿ ಎಲ್ಲಿಂದ ಬಂತು? ಕಂಪನಿ ಸಲ್ಲಿಸಿದ 24ಕ್ಯೂನಿಂದ. 26ಎಎಸ್‌ನ ಅಂಕಿಯೂ ಅದರಿಂದಲೇ. ಎರಡೂ ಒಂದೇ ಬಾವಿಯ ನೀರು. ಕಂಪನಿ 24ಕ್ಯೂನಲ್ಲಿ ನಿಮ್ಮ ಒಂದು ತಿಂಗಳನ್ನು ಬಿಟ್ಟಿದ್ದರೆ ಎರಡರಲ್ಲೂ ಅದು ಇರುವುದಿಲ್ಲ, ಎರಡೂ ಲಕ್ಷಣವಾಗಿ ತಾಳೆ ಆಗುತ್ತವೆ. ಹುಡುಗ ಮೋಸಹೋಗಿದ್ದು ಇಲ್ಲೇ. ಫಾರ್ಮ್ 16ನ್ನು 26ಎಎಸ್ ಜೊತೆ ಹಿಡಿದು "ಸರಿ ಇದೆ" ಅಂದುಕೊಂಡ. ಪೇಸ್ಲಿಪ್ ತೆಗೆದೇ ಇರಲಿಲ್ಲ.

ಭಾಗ ಬಿಯಲ್ಲಿ ಇನ್ನೊಂದು ಸಾಲಿನ ಮೇಲೆ ಕಣ್ಣಿರಲಿ. 12ಬಿ ಕೊಟ್ಟಿದ್ದರೆ ಹೊಸ ಕಂಪನಿ ತನ್ನ ಭಾಗ ಬಿಯಲ್ಲಿ ಹಳೇ ಕಂಪನಿಯ ಸಂಬಳವನ್ನೂ ಪ್ರತ್ಯೇಕ ಸಾಲಿನಲ್ಲಿ ತೋರಿಸುತ್ತದೆ. ಇವನದ್ದರಲ್ಲಿ ₹7,20,000 ಹಾಗೆ ಕೂತಿತ್ತು. ಎರಡೂ ಫಾರ್ಮ್ 16ರ ಒಟ್ಟು ಮೊತ್ತಗಳನ್ನು ಸುಮ್ನೆ ಕೂಡಿಸಿಬಿಟ್ಟರೆ ಆ ಏಳು ಲಕ್ಷ ಎರಡು ಸಲ ಸೇರಿಹೋಗುತ್ತದೆ. ಇದರ ಉಲ್ಟಾ ತಪ್ಪೂ ಇದೆ. ಎರಡು ಕಂಪನಿಯವರೂ ₹75,000 ಕಳೆದಿದ್ದರೆ, ರಿಟರ್ನ್‌ನಲ್ಲಿ ಅದನ್ನು ಎರಡು ಸಲ ಹಿಡಿಯುವುದು. ಸಿಗುವುದು ವರ್ಷಕ್ಕೆ ಒಂದೇ ಸಲ.

## ಹಂತ 5: ಮೂರನ್ನೂ ಪಕ್ಕಪಕ್ಕ ಇಡಿ

ಈಗ ಹಂತ 1ರ ಪಟ್ಟಿಯ ಪಕ್ಕ 26ಎಎಸ್‌ನ ಅಂಕಿ ಬರೆಯಿರಿ. ವರ್ಷದ ಮೊತ್ತ ಮಾತ್ರ ನೋಡಿದರೆ ಎಷ್ಟು ಕಡಿಮೆ ಎಂದು ಗೊತ್ತಾಗುತ್ತದೆ, ಎಲ್ಲಿ ಕಡಿಮೆ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಮೂರು ತಿಂಗಳಿಗೊಮ್ಮೆ ಕೂಡಿ.

| ಅವಧಿ | ಪೇಸ್ಲಿಪ್‌ನಲ್ಲಿ ಹಿಡಿದದ್ದು | 26ಎಎಸ್ ಮತ್ತು ಭಾಗ ಎ |
|---|---|---|
| ಏಪ್ರಿಲ್–ಜೂನ್, ಹಳೇ ಕಂಪನಿ | ₹22,035 | ₹22,035 |
| ಜುಲೈ–ಸೆಪ್ಟೆಂಬರ್, ಹಳೇ ಕಂಪನಿ | ₹22,035 | ₹22,035 |
| ಅಕ್ಟೋಬರ್–ಡಿಸೆಂಬರ್, ಹೊಸ ಕಂಪನಿ | ₹36,075 | ₹36,075 |
| ಜನವರಿ–ಮಾರ್ಚ್, ಹೊಸ ಕಂಪನಿ | ₹36,075 | ₹24,050 |
| ಒಟ್ಟು | ₹1,16,220 | ₹1,04,195 |

ಕೊನೆಯ ಅವಧಿಯಲ್ಲಿ ₹12,025 ಕಡಿಮೆ. ಸರಿಯಾಗಿ ಒಂದು ತಿಂಗಳ ಟಿಡಿಎಸ್. ತಿಂಗಳವಾರು ಸಾಲು ಬಿಡಿಸಿದಾಗ ಜನವರಿ, ಫೆಬ್ರವರಿ ಇದ್ದವು, ಮಾರ್ಚ್ ಇರಲಿಲ್ಲ. ರಿಟರ್ನ್ ತುಂಬುವಾಗ ಪೋರ್ಟಲ್ ಕೇಳಿದ ಹನ್ನೆರಡು ಸಾವಿರ ಇದೇ. ಕೊರತೆ ಒಂದು ತಿಂಗಳ ಟಿಡಿಎಸ್‌ಗೆ ಹೀಗೆ ಪಕ್ಕಾ ಸಮವಾಗಿದ್ದರೆ, ಅದು ಪಟ್ಟಿಯಲ್ಲಿ ಬಿಟ್ಟುಹೋದ ತಿಂಗಳು ಎಂದು ಬಹುಪಾಲು ಹೇಳಬಹುದು.

ತಾಳೆ ನೋಡುವಾಗ `Status of Booking` ಕಾಲಂ ಬಿಡಬೇಡಿ. ಅಲ್ಲಿ F ಇದ್ದರೆ ದುಡ್ಡು ಸರ್ಕಾರದ ಲೆಕ್ಕಕ್ಕೆ ಹೊಂದಿದೆ. U ಇದ್ದರೆ ಕಂಪನಿ ದುಡ್ಡು ಕಟ್ಟಿಲ್ಲ, ಇಲ್ಲವೇ ಚಲನ್ ವಿವರ ತಪ್ಪಾಗಿ ಕೊಟ್ಟಿದೆ. U ಸಾಲನ್ನು ಬಂದ ದುಡ್ಡು ಎಂದು ಎಣಿಸಬೇಡಿ. ಕೆಲವೊಮ್ಮೆ ಒಂದೇ ತಿಂಗಳಿಗೆ ಮೂರು ಸಾಲು ಕಾಣುತ್ತವೆ: ಒಂದು ಮೊತ್ತ, ಅದೇ ಮೊತ್ತ ಮೈನಸ್ ಗುರುತಿನೊಂದಿಗೆ, ಮತ್ತೆ ಸರಿಪಡಿಸಿದ ಮೊತ್ತ. ಕಂಪನಿ ತಿದ್ದುಪಡಿ ಸಲ್ಲಿಸಿದ ಗುರುತು ಅದು, `Remarks`ನಲ್ಲಿ B ಎಂದಿರುತ್ತದೆ. ಮೈನಸ್ ಸೇರಿಸಿಯೇ ಕೂಡಬೇಕು.

ಸಂಬಳದ ಮೊತ್ತದ ಕಾಲಂ ಫಾರ್ಮ್ 16ರ ಒಟ್ಟು ಸಂಬಳಕ್ಕೆ ಸರಿಯಾಗಿ ಹೊಂದದೇ ಇರಬಹುದು. ಅದರ ಹಿಂದೆ ಬಿದ್ದು ರಾತ್ರಿ ಕಳೆಯಬೇಡಿ. ಮೊದಲು ನೋಡಬೇಕಾದ್ದು ತೆರಿಗೆಯ ಕಾಲಂ. ಒಂದೆರಡು ರೂಪಾಯಿ ವ್ಯತ್ಯಾಸ ರೌಂಡ್ ಮಾಡಿದ್ದರಿಂದ ಬಂದದ್ದು, ಬಿಟ್ಟುಬಿಡಿ.

## ಹಂತ 6: ಕಂಪನಿಗೆ ಸರಿಯಾದ ಪ್ರಶ್ನೆ ಕೇಳಿ

ಹುಡುಗ ಮೊದಲು ಎಚ್‌ಆರ್‌ಗೆ ಫೋನ್ ಮಾಡಿ "ನನ್ನ ಟಿಡಿಎಸ್ ಕಾಣ್ತಿಲ್ಲ" ಅಂದ. "ಎಲ್ಲರದೂ ಕಟ್ಟಿದ್ದೀವಿ ಸರ್" ಎಂಬ ಉತ್ತರ ಬಂತು. ಅದು ಸುಳ್ಳೂ ಅಲ್ಲ. ಕಟ್ಟುವುದು ಒಂದು ಕೆಲಸ, ಯಾರ ಹೆಸರಿಗೆ ಎಂದು ಪಟ್ಟಿ ಕೊಡುವುದು ಇನ್ನೊಂದು. ಫೋನಿನಲ್ಲಿ ಇವೆರಡೂ ಕಲಸಿಹೋಗುತ್ತವೆ. ಹಾಗಾಗಿ ಮೇಲ್ ಹಾಕಿ, ಎಚ್‌ಆರ್ ಜೊತೆ ಪೇರೋಲ್ ಅಥವಾ ಫೈನಾನ್ಸ್‌ನವರನ್ನೂ ಸೇರಿಸಿ. ನಾನು ಅವನಿಂದ ಬರೆಸಿದ್ದು ಹೆಚ್ಚುಕಡಿಮೆ ಹೀಗೆ:

> ಮಾರ್ಚ್ ಪೇಸ್ಲಿಪ್‌ನಲ್ಲಿ ₹12,025 ಟಿಡಿಎಸ್ ಹಿಡಿಯಲಾಗಿದೆ. ನನ್ನ 26ಎಎಸ್‌ನಲ್ಲಿ ಮತ್ತು ಫಾರ್ಮ್ 16ರ ಭಾಗ ಎಯಲ್ಲಿ ಜನವರಿ, ಫೆಬ್ರವರಿ ಮಾತ್ರ ಇದೆ. ಮಾರ್ಚ್ ಟಿಡಿಎಸ್ ಕಟ್ಟಿದ ಚಲನ್‌ನ ಬಿಎಸ್‌ಆರ್ ಕೋಡ್, ದಿನಾಂಕ, ಚಲನ್ ಸಂಖ್ಯೆ ತಿಳಿಸಿ. ಆ ಚಲನ್ ಅಡಿಯಲ್ಲಿ ನನ್ನ ಪ್ಯಾನ್ ಜನವರಿ–ಮಾರ್ಚ್ 24ಕ್ಯೂನಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ತಿದ್ದುಪಡಿ ರಿಟರ್ನ್ ಸಲ್ಲಿಸಿ, ಹೊಸ ಫಾರ್ಮ್ 16 ಕೊಡಿ.

ಮೇಲ್ ಜೊತೆ ಮಾರ್ಚ್ ಪೇಸ್ಲಿಪ್, 26ಎಎಸ್‌ನ ಆ ಪುಟ, ಆ ತಿಂಗಳ ಸಂಬಳ ಬಿದ್ದ ಬ್ಯಾಂಕ್ ಸಾಲು ಇರಲಿ. ಪ್ಯಾನ್‌ನ ಹತ್ತೂ ಅಕ್ಷರಗಳನ್ನು ಒಮ್ಮೆ ಓದಿ ನೋಡಿ ಕಳಿಸಿ. ಪೇರೋಲ್‌ನಲ್ಲಿ ಪ್ಯಾನ್ ತಪ್ಪಾಗಿದ್ದರೆ ನಿಮ್ಮ ದುಡ್ಡು ಇನ್ಯಾರದೋ ಹೆಸರಿಗೆ ಹೋಗಿ ಕೂತಿರಬಹುದು. ಆಗ ಒಂದು ತಿಂಗಳಲ್ಲ, ಆ ಕಂಪನಿಯ ಒಂದು ಸಾಲೂ ನಿಮಗೆ ಕಾಣುವುದಿಲ್ಲ.

ಇವನ ವಿಷಯದಲ್ಲಿ ಆದದ್ದು ಸಣ್ಣ ತಪ್ಪು. ಮಾರ್ಚ್‌ನಲ್ಲಿ ಕೆಲವರ ಟಿಡಿಎಸ್‌ಗೆ ಬೇರೆ ಚಲನ್ ಕಟ್ಟಿದ್ದರು. 24ಕ್ಯೂ ತಯಾರಿಸಿದವರು ಆ ಚಲನ್ ಸೇರಿಸಲು ಮರೆತಿದ್ದರು. ದುಡ್ಡು ಸರ್ಕಾರದ ಬಳಿಯೇ ಇತ್ತು, ಹೆಸರು ಮಾತ್ರ ಇರಲಿಲ್ಲ. ಇಂಥ ತಿದ್ದುಪಡಿಯನ್ನು ಮಾಡಬಲ್ಲದ್ದು ಕಂಪನಿ ಮಾತ್ರ. ನೀವು ಪೋರ್ಟಲ್‌ನಲ್ಲಿ ಎಷ್ಟು ಗುಂಡಿ ಒತ್ತಿದರೂ 26ಎಎಸ್‌ನಲ್ಲಿ ಒಂದು ಸಾಲೂ ಹುಟ್ಟುವುದಿಲ್ಲ.

## ಹಂತ 7: ಕೊನೆ ದಿನ ಹತ್ತಿರವಾದರೂ ಸರಿಯಾಗದಿದ್ದರೆ

ಜುಲೈ 31 ಬರುವ ತನಕ ಕಾಯುತ್ತಾ ಕೂರಬೇಡಿ, ಕಂಪನಿಗೆ ಜೂನ್‌ನಲ್ಲೇ ಬರೆಯಿರಿ. ಆದರೂ ಸರಿಯಾಗಲಿಲ್ಲ ಅನ್ನಿ. ಆಗ ರಿಟರ್ನ್‌ನಲ್ಲಿ ಸಂಬಳ ಪೂರ್ತಿ ತೋರಿಸಿ, ನಿಜವಾಗಿ ಹಿಡಿದ ಟಿಡಿಎಸ್ ಪೂರ್ತಿ ಕೇಳಿ. ತಾನಾಗೇ ತುಂಬಿ ಬಂದ ₹60,125ನ್ನು ಹೊಸ ಕಂಪನಿಯ ಸಾಲಿನಲ್ಲಿ ₹72,150 ಎಂದು ನೀವೇ ಬದಲಿಸಬೇಕು. ಪೇಸ್ಲಿಪ್ ಸಾಕ್ಷಿ ಇದ್ದರೆ ಮಾತ್ರ ಹೀಗೆ ಮಾಡಿ.

ಇದರ ಪರಿಣಾಮವೂ ಗೊತ್ತಿರಲಿ. ಇಲಾಖೆಯ ಕಂಪ್ಯೂಟರ್ 26ಎಎಸ್ ನೋಡಿಕೊಂಡೇ ಲೆಕ್ಕ ಮಾಡುತ್ತದೆ. ಕೆಲವು ವಾರಗಳಲ್ಲಿ ಕಲಂ 143(1)ರಡಿ ₹12,025 ಮತ್ತು ಬಡ್ಡಿ ಕೊಡಿ ಎಂಬ ಸೂಚನೆ ಬರುವ ಸಾಧ್ಯತೆ ಜಾಸ್ತಿ. ಅದನ್ನು ನೋಡಿ ಹೆದರಿ ಕಟ್ಟಬೇಡಿ, ಸುಮ್ಮನೆ ಬಿಡಲೂ ಬೇಡಿ. ಪೋರ್ಟಲ್‌ನ `Pending Actions`ನಲ್ಲಿ `Response to Outstanding Demand`ಗೆ ಹೋಗಿ, ಒಪ್ಪುವುದಿಲ್ಲ ಎಂದು ಆರಿಸಿ, ಕಾರಣ ಬರೆಯಿರಿ. ಆದಾಯ ತೆರಿಗೆ ಕಾಯ್ದೆ 1961ರ ಕಲಂ 205 ನಿಮ್ಮ ಪರವಾಗಿದೆ: ಸಂಬಳದಲ್ಲಿ ಹಿಡಿದಾಗಿರುವ ತೆರಿಗೆಯನ್ನು ಮತ್ತೆ ನಿಮ್ಮಿಂದಲೇ ಕಟ್ಟಿಸಿಕೊಳ್ಳುವಂತಿಲ್ಲ. ಆದರೆ ಹಿಡಿದದ್ದನ್ನು ತೋರಿಸುವ ಹೊಣೆ ನಿಮ್ಮದು. ಕಂಪನಿ ಮುಚ್ಚಿಹೋದ ಕಡೆ ಕೆಲಸಕ್ಕೆ ಬರುವುದು ಇದೇ ಕಲಂ ಮತ್ತು ಇದೇ ಪೇಸ್ಲಿಪ್.

ಸೂಚನೆ ಬಂದ ಮೇಲೆ ಕಂಪನಿ ತಿದ್ದುಪಡಿ ಮಾಡಿ 26ಎಎಸ್‌ನಲ್ಲಿ ಸಾಲು ಬಂದರೆ, `Services`ನಲ್ಲಿರುವ `Rectification` ಮೂಲಕ ಮರುಲೆಕ್ಕ ಕೇಳಿ.

ಹುಡುಗನಿಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಜುಲೈ ಎರಡನೇ ವಾರ ಒಂದು ರಾತ್ರಿ ಫೋನ್ ಮಾಡಿದ. "ಅಕ್ಕಾ, ಮಾರ್ಚ್ ಸಾಲು ಬಂತು. ₹12,025, F ಅಂತಿದೆ." ಹೊಸ ಭಾಗ ಎಯಲ್ಲೂ ₹72,150 ಇದೆಯಾ ಎಂದು ಕೇಳಿದೆ. ಆ ಕಡೆಯಿಂದ ಕೀಲಿಮಣೆ ಸದ್ದು ಕೇಳಿಸಿತು, ಹಳೇ ಪಿಡಿಎಫ್ಫನ್ನೇ ತೆರೆದು ಕೂತಿದ್ದ.